ನಾಲ್ಕು ಸೆಕೆಂಡಿನಲ್ಲಿ ತೀರಿಕೊಂಡ ನಮ್ಮತ್ತೆ

ಪುಸ್ತಕ ವಿಮರ್ಶೆ ಬರೆಯುವವರಿಗೆ ಒಂದು ಸುಖವಿದೆ. ಓದುವವರು ಕಣ್ಣೆದುರಿಗೆ ಕೂತಿರುವುದಿಲ್ಲ. ಅವರು ಎರಡನೇ ಪ್ಯಾರಾದಲ್ಲಿ ಆಕಳಿಸಿದರೋ, ಮೂರನೆಯದರಲ್ಲಿ ಎದ್ದುಹೋಗಿ ಕಾಫಿಗೆ ನೀರಿಟ್ಟರೋ, ನಮಗೆ ಗೊತ್ತಾಗುವುದೇ ಇಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿಕೊಂಡು, ನಿವೃತ್ತಿಯಾದ ಮೇಲೂ ನಾನು ಅದೇ ಸುಖದಲ್ಲಿ ಒಂದು ಮಾಸಪತ್ರಿಕೆಗೆ ವಿಮರ್ಶೆ ಬರೆದುಕೊಂಡು ಹಾಯಾಗಿದ್ದೆ. ಅದನ್ನು ಕೆಡಿಸಿದ್ದು ನಮ್ಮ ಓದುಗರ ಬಳಗ.

ಜೆ.ಪಿ. ನಗರದ ಪಾರ್ಕಿನಲ್ಲಿ ಭಾನುವಾರ ಸೇರುವ ಬಳಗ ಅದು. ಒಂದು ದಿನ ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟರು: ಅಚ್ಚಾದ ವಿಮರ್ಶೆಯನ್ನು ಈಗ ಯಾರೂ ಓದುವುದಿಲ್ಲ, ಆದ್ದರಿಂದ ವೀಡಿಯೊ ಮಾಡಬೇಕು, ಮೊದಲನೆಯದನ್ನು ನಾನೇ ಮಾಡಬೇಕು. ನಾನು ಇತ್ತೀಚೆಗೆ ಬರೆದಿದ್ದ ಒಂದು ವಿಮರ್ಶೆಯನ್ನೇ ಅವರು ಆರಿಸಿದ್ದರು. ಒಬ್ಬ ಹೊಸ ಲೇಖಕಿಯ ಮೊದಲ ಪುಸ್ತಕ, ಒಬ್ಬ ಸೊಸೆ ಅಡುಗೆಮನೆಯಲ್ಲಿ ನಿಂತು ತನ್ನ ಬದುಕನ್ನು ತಾನೇ ಹೇಳಿಕೊಳ್ಳುವ ಕಥೆ. ‘ಸ್ಕ್ರಿಪ್ಟ್ ಅಷ್ಟೇ ಮೇಡಂ, ವಿಮರ್ಶೆ ಇದೆಯಲ್ಲ, ಅದನ್ನೇ ಓದಿದ್ರೆ ಆಯ್ತು’ ಎಂದರು. ಉದ್ದಿನ ಹಿಟ್ಟು ಇದೆಯಲ್ಲ, ಅದನ್ನೇ ತಿಂದರೆ ಇಡ್ಲಿ ತಿಂದಂತೆಯೇ ಆಯಿತು ಎಂದ ಹಾಗೆ.

ಹಾಗಲ್ಲ ಎಂದು ನನಗೆ ತಿಳಿಸಿಕೊಟ್ಟವಳು ನಮ್ಮ ಬಳಗದಲ್ಲೇ ಇದ್ದ ಧಾರವಾಡದ ಕಡೆಯ ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿದವಳು. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ, ವಾರವೆಲ್ಲ ಆಫೀಸು, ರಜೆಯ ದಿನ ವೀಡಿಯೊ ಎಡಿಟ್ ಮಾಡುವ ಹವ್ಯಾಸ. ನಮ್ಮ ಮನೆಗೆ ಸ್ಕೂಟರಿನಲ್ಲಿ ಬಂದು, ನನ್ನ ವಿಮರ್ಶೆಯನ್ನು ಗಟ್ಟಿಯಾಗಿ ಓದಲು ಹೇಳಿ, ಕಣ್ಣು ಮುಚ್ಚಿಕೊಂಡು ಕೇಳಿದಳು. ಮೊದಲ ವಾಕ್ಯ ಮುಗಿಯುವ ಮೊದಲೇ ನನಗೆ ಏದುಸಿರು ಬಂತು.

‘ಓದಾಕ ಭಾಳ ಚಲೋ ಐತ್ರಿ ಮೇಡಂ. ಕೇಳಾಕ ಆಗಂಗಿಲ್ರಿ’ ಎಂದಳು. ‘ಒಂದು ಉಸಿರಿನಾಗ ಮುಗೀಲಾರದ ವಾಕ್ಯಾನ ಎರಡು ಮಾಡ್ರಿ. ಮತ್ತ, ಮೇಲೆ ಹೇಳಿದಂತೆ ಅಂತ ಅಂದ್ರಲ್ಲ, ವೀಡಿಯೊದಾಗ ಮ್ಯಾಲೆ ಎಲ್ಲೈತ್ರಿ? ಮ್ಯಾಲೆ ಫ್ಯಾನ್ ಐತಿ.’

ನನಗೆ ಸಿಟ್ಟು ಬಂತು. ಮೂವತ್ತು ವರ್ಷ ಇನ್ನೊಬ್ಬರ ವಾಕ್ಯಕ್ಕೆ ಕೆಂಪು ಗೆರೆ ಎಳೆದವಳ ವಾಕ್ಯಕ್ಕೆ ಯಾರೋ ಬಂದು ಗೆರೆ ಎಳೆದರೆ ಮೈ ಉರಿಯದೆ ಇರುತ್ತದೆಯೇ? ಆದರೆ ಅವಳು ಹೇಳಿದ್ದು ಸರಿಯಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಹಾಳೆಯ ಮಧ್ಯೆ ಅವಳೊಂದು ಗೆರೆ ಎಳೆದಳು. ಎಡಗಡೆ ಕಣ್ಣಿಗೆ ಕಾಣುವುದು, ಬಲಗಡೆ ಕಿವಿಗೆ ಕೇಳುವುದು. ನಾನು ಉತ್ಸಾಹದಿಂದ ಎಡಗಡೆಯನ್ನು ತುಂಬಿದೆ. ‘ಸಂಸಾರದ ಸುಳಿಯಲ್ಲಿ ಸಿಕ್ಕ ಹೆಣ್ಣು’ ಎಂಬ ಮಾತಿನ ಎದುರಿಗೆ ‘ಸುಳಿ ತೋರಿಸುವುದು’ ಎಂದು ಬರೆದೆ. ‘ನೆನಪುಗಳ ಕಡಲು’ ಎಂಬಲ್ಲಿ ಕಡಲು.

‘ಕಡಲು ತರಾಕ ಮಂಗಳೂರಿಗೆ ಹೋಗಬೇಕ್ರಿ’ ಎಂದು ಅವಳು ಅದನ್ನು ಹೊಡೆದು ಹಾಕಿದಳು. ಬಾಯಲ್ಲಿ ಹೇಳಿದ್ದನ್ನೇ ಚಿತ್ರದಲ್ಲೂ ತೋರಿಸಿದರೆ ಎರಡರಲ್ಲಿ ಒಂದು ದಂಡವಂತೆ. ಹೇಳದೆ ಬಿಟ್ಟದ್ದನ್ನು ಚಿತ್ರ ತೋರಿಸಬೇಕಂತೆ. ಕಡಲು ಹೋಗಿ ಅಲ್ಲಿಗೆ ಅವರೆಕಾಯಿ ಸುಲಿಯುವ ಕೈ ಬಂತು. ಪುಸ್ತಕದ ಸಾಲುಗಳನ್ನು ವೀಡಿಯೊದಲ್ಲಿ ಓದುವುದಕ್ಕೆ ಲೇಖಕಿಯ ಒಪ್ಪಿಗೆಯನ್ನೂ ನನ್ನಿಂದ ಫೋನ್ ಮಾಡಿಸಿ ಕೇಳಿಸಿದಳು. ಆಕೆ ಖುಷಿಯಿಂದ ಒಪ್ಪಿದರು.

ಕೊನೆಗೆ ಬಂದದ್ದು ಶುರು ಹೇಗೆ ಎಂಬ ಪ್ರಶ್ನೆ. ನನ್ನ ವಿಮರ್ಶೆ ಕನ್ನಡ ಸಾಹಿತ್ಯದಲ್ಲಿ ಸ್ತ್ರೀಯರ ಬರವಣಿಗೆಯ ಹಿನ್ನೆಲೆಯಿಂದ ಶುರುವಾಗಿ ಅರ್ಧ ಪುಟ ನಡೆದು ಪುಸ್ತಕದ ಬಾಗಿಲಿಗೆ ಬರುತ್ತಿತ್ತು.

‘ಅಷ್ಟೊತ್ತಿಗೆ ಮಂದಿ ಬೆರಳಿಂದ ನಿಮ್ಮನ್ನ ಮ್ಯಾಲೆ ತಳ್ಳಿರ್ತಾರ್ರಿ’ ಎಂದಳು. ‘ಪುಸ್ತಕದಾಗಿನ ಭಾಳ ಜೋರು ಸಾಲು ಯಾವುದೈತಿ, ಅದನ್ನ ಮೊದಲಿಗೇ ಅಂದುಬಿಡ್ರಿ. ಆಮ್ಯಾಲೆ ಸುಮ್ನಿರ್ರಿ. ನಾಲ್ಕು ಸೆಕೆಂಡು. ಕೇಳೋರಿಗೆ ಎದೆಗೆ ಬೀಳಬೇಕು.’

ಜೋರು ಸಾಲು ನನಗೆ ಬಾಯಿಪಾಠವೇ ಆಗಿತ್ತು. ವಿಮರ್ಶೆಯಲ್ಲೂ ಅದನ್ನು ಉದ್ಧರಿಸಿದ್ದೆ: ‘ನಮ್ಮತ್ತೆ ಹೋದ ದಿನ ನಾನು ಎರಡು ತುತ್ತು ಹೆಚ್ಚಿಗೇ ಉಂಡೆ.’

ಅದರ ಮುಂದೆ ಇನ್ನೆರಡು ವಾಕ್ಯ ಇದ್ದವು. ಅಚ್ಚಿನಲ್ಲಿ ಅವು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಸ್ಕ್ರಿಪ್ಟಿನಲ್ಲಿ ನಾನು ಮೊದಲ ವಾಕ್ಯವನ್ನು ಬಿಡಿಸಿ ತೆಗೆದು, ಬಲಗಡೆ ಬರೆದು, ಕೆಳಗೆ ‘ವಿರಾಮ, ನಾಲ್ಕು ಸೆಕೆಂಡು, ತಲೆ ತಗ್ಗಿಸಿ ಪುಸ್ತಕ ನೋಡುವುದು’ ಎಂದು ಬರೆದೆ. ಎಡಗಡೆ ‘ಸಾಲು ಅಕ್ಷರಗಳಲ್ಲಿ ಮೂಡಬೇಕು, ಪಕ್ಕದಲ್ಲಿ ಮುಖಪುಟ ಮತ್ತು ಲೇಖಕಿಯ ಹೆಸರು’ ಎಂದು ಬರೆದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಇಲ್ಲಿ ನಮ್ಮತ್ತೆಯ ವಿಚಾರ ಹೇಳಬೇಕು. ಎಂಬತ್ತು ದಾಟಿದವರು. ಜರಗನಹಳ್ಳಿಯಲ್ಲಿ ಹುಟ್ಟಿ, ಅಲ್ಲಿಂದ ಕೂಗಳತೆಯ ನಮ್ಮ ಮನೆಗೆ ಸೊಸೆಯಾಗಿ ಬಂದು, ಒಂದು ಕಾಲಕ್ಕೆ ತಾವೇ ರಾಗಿ ಕೊಯ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆಯ ಯಜಮಾನಿ. ನನ್ನನ್ನು ಒಂದು ದಿನವೂ ಹೊಗಳಿದವರಲ್ಲ, ಬೈದವರೂ ಅಲ್ಲ. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ಆ ದಿನ ನಡೆದದ್ದನ್ನೆಲ್ಲ ಅವರ ಎದುರು ಸುರಿಯುತ್ತಿದ್ದೆ. ಪ್ರಿನ್ಸಿಪಾಲರ ಪೆದ್ದುತನ, ಸ್ಟಾಫ್ ರೂಮಿನ ಜಗಳ, ಎಲ್ಲ. ಅವರು ಕಾಳು ಸುಲಿಯುತ್ತಾ, ತಲೆ ಎತ್ತದೆ, ‘ಆಮೇಲೆ?’ ಎನ್ನುವರು. ಅಷ್ಟೇ. ನಾನು ಮುಂದಿನದನ್ನು ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲದಿದ್ದರೂ ತರಕಾರಿ ಗಾಡಿಯವನ ಜೊತೆ ಆದ ಚೌಕಾಸಿಗೂ ಒಂದು ‘ಆಮೇಲೆ?’ ಸಿಗುತ್ತಿತ್ತು. ನನ್ನ ವಿಮರ್ಶೆಗಳನ್ನು ಓದಿದವರು ಎಷ್ಟು ಜನವೋ ಗೊತ್ತಿಲ್ಲ, ನನ್ನ ಮಾತನ್ನು ಕೊನೆಯವರೆಗೆ ಕೇಳಿದವರು ಅವರೊಬ್ಬರೇ.

ಚಿತ್ರೀಕರಣದ ದಿನ ಬೆಳಿಗ್ಗೆ ಹುಡುಗಿ ಒಂದೊಂದೇ ಆಜ್ಞೆ ಹೊರಡಿಸಿದಳು. ಸಣ್ಣ ಚೌಕುಳಿಯ ಸೀರೆ ಬೇಡ, ಕ್ಯಾಮರಾದಲ್ಲಿ ಗೆರೆಗಳು ನಡುಗಿದಂತೆ ಕಾಣುತ್ತವೆ. ಸರಿ, ಏನೂ ಅಂಚಿಲ್ಲದ ಒಂದು ಕೆನೆಬಣ್ಣದ ಸೀರೆ ಉಟ್ಟೆ. ಕನ್ನಡಕ ಬೇಡ, ದೀಪ ಅದರಲ್ಲಿ ಹೊಳೆಯುತ್ತದೆ. ತೆಗೆದೆ. ಕನ್ನಡಕವಿಲ್ಲದೆ, ಎದುರಿಗೆ ಅಷ್ಟು ದೊಡ್ಡ ದೀಪ ಇಟ್ಟುಕೊಂಡು ಕೂತರೆ ಕಣ್ಣಲ್ಲಿ ನೀರು ಬರದೆ ಏನು ಬರುತ್ತದೆ? ಪುಸ್ತಕ ತೊಡೆಯ ಮೇಲಿತ್ತು, ಅದು ಚೌಕಟ್ಟಿಗೆ ಬರುತ್ತಿರಲಿಲ್ಲ. ಮೊದಲ ಸಾಲು ಹೇಳಿ, ತಲೆ ತಗ್ಗಿಸಿ, ನಾಲ್ಕು ಸೆಕೆಂಡು ಸುಮ್ಮನಿದ್ದೆ.

‘ಧ್ವನಿ ಹೆಂಗ ಬಂದೈತಿ ನೋಡ್ರಿ’ ಎಂದು ಅವಳು ಅಷ್ಟೇ ತುಣುಕನ್ನು ಕತ್ತರಿಸಿದಳು. ಅಕ್ಷರ, ಮುಖಪುಟ, ಲೇಖಕಿಯ ಹೆಸರು ಯಾವುದನ್ನೂ ಇನ್ನೂ ಹಾಕಿರಲಿಲ್ಲ. ಅವೆಲ್ಲ ನನ್ನ ಹಾಳೆಯ ಎಡಗಡೆಯಲ್ಲಿ ಮಾತ್ರ ಇದ್ದವು. ನನ್ನ ಫೋನಿನಲ್ಲಿ ಜಾಗ ಇರಲಿಲ್ಲವಾದ್ದರಿಂದ ತುಣುಕನ್ನು ನಮ್ಮ ಯಜಮಾನರ ಫೋನಿಗೆ ಕಳಿಸಿ, ಉಳಿದದ್ದನ್ನು ಮಧ್ಯಾಹ್ನ ಮಾಡೋಣವೆಂದು ಹೇಳಿ, ಏನೋ ಕೇಬಲ್ ತರಲು ಬಿ.ಟಿ.ಎಂ.ಗೆ ಹೋದಳು.

ನಮ್ಮ ಯಜಮಾನರು ನನ್ನ ಬಗ್ಗೆ ಹೆಮ್ಮೆಪಡುವುದು ಅಪರೂಪ. ಅವತ್ತೇ ಅವರಿಗೆ ಅದು ಬರಬೇಕಿತ್ತೇ? ಆ ತುಣುಕನ್ನು ಸೀದಾ ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಒಂದು ಅಕ್ಷರ ಬರೆಯಲಿಲ್ಲ. ಆಶೀರ್ವಾದ ಮಾಡಿ ಎಂಬ ಅರ್ಥದಲ್ಲಿ, ಕೈ ಮುಗಿದ ಆ ಹಳದಿ ಚಿತ್ರವನ್ನು ಮಾತ್ರ ಕೆಳಗೆ ಒತ್ತಿದರು. ಆಮೇಲೆ ಫೋನನ್ನು ಹಾಲ್‌ನಲ್ಲಿ ಇಟ್ಟು ಸ್ನಾನಕ್ಕೆ ಹೋದರು.

ದೀಪದ ಬೆಳಕಿಗೆ ಬಿಳಿಯಾಗಿ ಕಂಡ ಸೀರೆ, ಒದ್ದೆ ಕಣ್ಣು, ‘ನಮ್ಮತ್ತೆ ಹೋದ ದಿನ’, ತಗ್ಗಿದ ತಲೆ, ಮೌನ, ಕೆಳಗೆ ಮುಗಿದ ಕೈ. ಮೊದಲ ಮೂರು ಪದ ಕಿವಿಗೆ ಬಿದ್ದ ಮೇಲೆ ಉಳಿದದ್ದನ್ನು ಕೇಳುವ ವ್ಯವಧಾನ ಯಾರಿಗಿರುತ್ತದೆ?

ಫೋನ್ ಹೊಡೆದುಕೊಂಡಾಗ ನಾನು ಅಡುಗೆಮನೆಯಲ್ಲಿದ್ದೆ. ಎತ್ತಿದವರು ಅತ್ತೆ. ಆ ಕಡೆಯಿಂದ ಅಳು ನನಗೂ ಕೇಳಿಸುವಷ್ಟು ಜೋರಾಗಿತ್ತು. ಅವರ ಅಣ್ಣನ ಮಗಳು.

‘ಎಷ್ಟೊತ್ತಿಗೆ ಹೋಗಿದ್ದು ದೊಡ್ಡತ್ತೆ?’

‘ಯಾವ ದೊಡ್ಡತ್ತೆ?’ ಎಂದರು ಅತ್ತೆ.

‘ನಮ್ಮ ದೊಡ್ಡತ್ತೆ, ಜೆ.ಪಿ. ನಗರದೋರು.’

‘ನಾನೇ ಕಣೇ ಅದು.’

ಅಳು ನಿಂತಿತು. ಆಮೇಲೆ ಫೋನೂ ನಿಂತಿತು.

ನಿಜ ಹೇಳಬೇಕೆಂದರೆ ಮೊದಮೊದಲು ಅತ್ತೆಗೆ ಇದು ಬಲು ಹಿಡಿಸಿತು. ಒಂದರ ಹಿಂದೆ ಒಂದು ಫೋನು, ಎಲ್ಲವನ್ನೂ ಅವರೇ ಎತ್ತಿದರು, ಯಜಮಾನರು ಸ್ನಾನದ ಮನೆಯಿಂದ ಹೊರಗೆ ಬಂದು ಕೈ ಚಾಚಿದರೂ ಕೊಡಲಿಲ್ಲ. ಬದುಕಿದ್ದೇನೆಂದು ತಕ್ಷಣ ಹೇಳದೆ ಒಂದಿಷ್ಟು ಹೊತ್ತು ಅಳಲು ಬಿಟ್ಟು ಕೇಳಿಸಿಕೊಂಡರು. ಯಾರು ನಿಜವಾಗಿ ಅತ್ತರು, ಯಾರು ಮಣ್ಣು ಎಷ್ಟೊತ್ತಿಗೆ ಎಂದು ಮಾತ್ರ ಕೇಳಿದರು ಎಂದು ನನಗೆ ವರದಿ ಒಪ್ಪಿಸಿದರು. ‘ಬಿಳೇಕಹಳ್ಳಿಯೋಳು ನೋಡು, ಟ್ರಾಫಿಕ್ಕು ಅಂತೆ, ಹನ್ನೊಂದನೇ ದಿನಕ್ಕೆ ಬರ್ತಾಳಂತೆ. ಬರ್ಲಿ, ಅವಳಿಗೆ ಇದೆ.’

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಜರಗನಹಳ್ಳಿಯಿಂದ ಅತ್ತೆಯ ಚಿಕ್ಕಪ್ಪನ ಮಗ, ಅವರೂ ಎಪ್ಪತ್ತರ ಮೇಲಿನವರು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಇಷ್ಟು ದಪ್ಪದ ಸುಗಂಧರಾಜದ ಹಾರ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ತಲೆ ಎತ್ತಿದರೆ ಎದುರಿಗೆ ಕುರ್ಚಿಯಲ್ಲಿ ಅಕ್ಕ ಕೂತಿದ್ದಾರೆ. ಮನುಷ್ಯ ಹಾರವನ್ನು ಬೆನ್ನ ಹಿಂದೆ ಅಡಗಿಸಲು ನೋಡಿದರು. ಹಾರ ಅಡಗುವ ಗಾತ್ರದ್ದಾಗಿರಲಿಲ್ಲ.

‘ಏನಪ್ಪಾ, ಯಾರಿಗೆ ಅದು?’ ಎಂದರು ಅತ್ತೆ.

‘ಸುಮ್ನೆ ಅಕ್ಕ, ಈ ಕಡೆ ಬಂದಿದ್ದೆ.’

‘ಸುಮ್ನೆ ಬರೋರು ಬಾಳೆಹಣ್ಣು ತರ್ತಾರೆ.’ ಅತ್ತೆ ಹಾರವನ್ನು ಮುಟ್ಟಿ ನೋಡಿದರು. ‘ಒಳ್ಳೇದೇ ತಂದಿದ್ದೀಯ. ದೇವರಿಗೆ ಹಾಕೋಕಾಗಲ್ಲ. ನಿಮ್ಮ ಭಾವನ ಫೋಟೋಗೆ ಹಾಕು. ಅವರಾದ್ರೂ ನಿಜವಾಗಿ ಹೋಗಿದಾರೆ.’

ಗೋಡೆಯ ಮೇಲೆ ನಮ್ಮ ಮಾವನವರು ಆ ಹಾರ ಹಾಕಿಸಿಕೊಂಡರು. ಇಷ್ಟಕ್ಕೇ ಮುಗಿದಿದ್ದರೆ ನಾವೆಲ್ಲ ವರ್ಷವಿಡೀ ಹೇಳಿಕೊಂಡು ನಗುತ್ತಿದ್ದೆವು. ಆದರೆ ಹಾರ ತಂದ ಆ ತಮ್ಮ, ತಪ್ಪು ತನ್ನದಲ್ಲ ಎಂದು ತೋರಿಸಲು, ಫೋನ್ ತೆಗೆದು ತುಣುಕನ್ನು ಅಕ್ಕನ ಕಿವಿಯ ಹತ್ತಿರ ಹಿಡಿದರು. ಅಷ್ಟು ಹೊತ್ತಿಗೆ ಗುಂಪಿನಲ್ಲಿದ್ದವರೂ ಅದನ್ನು ಎರಡನೇ ಸಲ, ಪೂರ್ತಿಯಾಗಿ ಕೇಳಿದ್ದರು. ಬದುಕಿದ್ದಾರೆಂದು ತಿಳಿದ ಮೇಲೆ ಎಲ್ಲರಿಗೂ ಉಳಿದ ಮಾತು ಕೇಳಿಸಿತ್ತು. ‘ಎರಡು ತುತ್ತು ಹೆಚ್ಚಿಗೇ ಉಂಡೆ.’

ಅತ್ತೆ ಎರಡು ಸಲ ಹಾಕಿಸಿ ಕೇಳಿದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನನ್ನು ನೋಡಲಿಲ್ಲ. ಎದ್ದು ರೂಮಿಗೆ ಹೋಗಿ ಬ್ಯಾಗು ತೆಗೆದು ಸೀರೆ ಮಡಚತೊಡಗಿದರು.

‘ಅತ್ತೆ, ಅದು ನನ್ನ ಮಾತಲ್ಲ, ಪುಸ್ತಕದ್ದು’ ಎಂದೆ.

‘ಪುಸ್ತಕದಲ್ಲಿ ಬೇರೆ ಮಾತು ಇರಲಿಲ್ವಾ?’

‘ಇದೆ. ಅದರ ಮುಂದಿನ ಸಾಲು ಕೇಳಿ...’

‘ಅಷ್ಟು ಮಾತಲ್ಲಿ ಇದನ್ನ ಆರಿಸಿಕೊಂಡಿದ್ದು ನೀನು ತಾನೆ?’

ಮೂವತ್ತು ವರ್ಷ ವಿಮರ್ಶೆ ಬರೆದಿದ್ದೇನೆ, ಉದ್ಧರಣೆಯ ಬಗ್ಗೆ ಇಷ್ಟು ಖಡಾಖಂಡಿತವಾದ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಅವರು ಉತ್ತರಹಳ್ಳಿಯ ಮಗಳ ಮನೆಗೆ ಹೋಗುತ್ತಾರಂತೆ. ಎಷ್ಟು ದಿನಕ್ಕೆ ಎಂದು ಯಜಮಾನರು ಕೇಳಿದರೆ ‘ಆಮೇಲಿಂದು ಆಮೇಲೆ’ ಎಂದರು. ನಾದಿನಿ ಫೋನ್ ಮಾಡಿ, ಕಳಿಸಿಕೊಡಿ ಅಣ್ಣ, ಎಂದಳು, ಫೋನನ್ನು ಅತ್ತಿಗೆಗೆ ಕೊಡಿ ಎನ್ನಲಿಲ್ಲ. ನನಗೆ ಭಯವಾಯಿತು. ಒಮ್ಮೆ ಹೀಗೆ ಹೋದವರು ವಾಪಸು ಬರುವಾಗ ನೆಂಟರಂತೆ ಬರುತ್ತಾರೆ. ಮುಂದಿನ ಸಾಲನ್ನು ಹೇಗಾದರೂ ಅವರ ಕಿವಿಗೆ ಹಾಕಬೇಕೆಂದು ಪುಸ್ತಕ ಹಿಡಿದುಕೊಂಡು ಅವರ ಹಿಂದೆ ಸುತ್ತಿದೆ. ಅವರು ಅಡುಗೆಮನೆಗೆ ಹೋಗಿ ಚಟ್ನಿಗೆ ಮಿಕ್ಸಿ ಹಾಕಿದರು. ನಾನು ಬಾಯಿ ತೆರೆದಾಗಲೆಲ್ಲ ಮಿಕ್ಸಿ. ಚಟ್ನಿ ಪಾಯಸದ ಹದಕ್ಕೆ ಬಂತು.

ಮಧ್ಯಾಹ್ನ ಹುಡುಗಿ ಕೇಬಲ್ ಹಿಡಿದುಕೊಂಡು ಬಂದಳು. ವಿಷಯ ತಿಳಿದು ನೆಲದ ಮೇಲೆಯೇ ಕೂತಳು. ‘ಅಯ್ಯೋ ನನ್ನ ಕರ್ಮ. ಅಕ್ಷರ ಹಾಕದ ಕಳಿಸಿದ್ದು ನನ್ನ ತಪ್ಪ್ರಿ’ ಎಂದಳು. ಕಾಗದದ ಮೇಲೆ ಉದ್ಧರಣ ಚಿಹ್ನೆ ಹೇಳುವುದನ್ನು ವೀಡಿಯೊದಲ್ಲಿ ಧ್ವನಿ ಹೇಳಬೇಕು, ಕೈಯಲ್ಲಿರುವ ಪುಸ್ತಕ ಹೇಳಬೇಕು, ಪರದೆಯ ಮೇಲಿನ ಅಕ್ಷರ ಹೇಳಬೇಕು. ಮೂರೂ ಇಲ್ಲದಿದ್ದರೆ ಪುಸ್ತಕದ ಅತ್ತೆ ನನ್ನ ಅತ್ತೆಯಾಗಿಬಿಡುತ್ತಾರೆ. ಆದ್ದರಿಂದ ಸ್ಕ್ರಿಪ್ಟ್ ಬದಲಾಯಿತು. ಪುಸ್ತಕ ಮೊದಲು ಕಾಣಬೇಕು, ‘ಈ ಪುಸ್ತಕದ ಸೊಸೆ ಹೀಗೆ ಹೇಳ್ತಾಳೆ’ ಎಂದ ಮೇಲೆಯೇ ಸಾಲು ಬರಬೇಕು. ವಿರಾಮವನ್ನು ಮಾತ್ರ ಅವಳು ಬಿಡಲಿಲ್ಲ. ‘ವಿರಾಮ ಬೇಕ್ರಿ ಮೇಡಂ, ಆದ್ರ ಮುಂದಿನ ಸಾಲು ಕೂಡೇ ಬರಬೇಕು.’

ಅತ್ತೆ ರೂಮಿನಿಂದ ಕೇಳಿಸಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ. ಹೊರಗೆ ಬಂದು ಹುಡುಗಿಗೆ, ನನಗಲ್ಲ, ಹೇಳಿದರು: ‘ನಾನೂ ಕಾಣ್ಬೇಕು ಅದರಲ್ಲಿ.’

‘ನೀವೇನ್ರಿ ಅಜ್ಜಿ?’

‘ಊರೆಲ್ಲ ಸಾಯಿಸಿದಾರೆ. ಬದುಕಿದೀನಿ ಅಂತ ಗೊತ್ತಾಗ್ಲಿ. ಮುಗಿದ ಮೇಲೆ ನನ್ನ ಮಗ ಬಿಟ್ಟು ಬರ್ತಾನೆ.’

ಎಡಗಡೆಯ ಅಂಕಣದಲ್ಲಿ ಅವರೆಕಾಯಿ ಸುಲಿಯುವ ಕೈ ಇತ್ತಲ್ಲ, ಆ ಕೈಗೆ ಈಗ ಮೈ ಬಂತು. ನನ್ನ ಪಕ್ಕದಲ್ಲಿ ಕುರ್ಚಿ, ಮಡಿಲಲ್ಲಿ ಮೊರ, ಮೊರದಲ್ಲಿ ಸೊನೆಯ ಅವರೆಕಾಯಿ. ಅತ್ತೆ ಮಾತಾಡಬಾರದು, ಕ್ಯಾಮರಾ ನೋಡಬಾರದು, ಸುಲಿಯುತ್ತಾ ಇರಬೇಕು ಎಂದು ಹುಡುಗಿ ಹೇಳಿಕೊಟ್ಟಳು. ‘ಮಾತಾಡೋಕೆ ನನಗೇನಿದೆ’ ಎಂದರು ಅತ್ತೆ. ಬ್ಯಾಗು ಬಾಗಿಲ ಹತ್ತಿರ ಇತ್ತು. ಈ ಸಲ ನಾನು ಕನ್ನಡಕ ತೆಗೆಯಲು ಒಪ್ಪಲಿಲ್ಲ, ದೀಪವನ್ನೇ ಅವಳು ಪಕ್ಕಕ್ಕೆ ಸರಿಸಿದಳು.

ಪುಸ್ತಕ ಎತ್ತಿ ತೋರಿಸಿದೆ. ಸೊಸೆ ಹೀಗೆ ಹೇಳುತ್ತಾಳೆ ಎಂದೆ. ಧ್ವನಿ ತಗ್ಗಿಸಿ ಓದಿದೆ.

‘ನಮ್ಮತ್ತೆ ಹೋದ ದಿನ ನಾನು ಎರಡು ತುತ್ತು ಹೆಚ್ಚಿಗೇ ಉಂಡೆ.’

ವಿರಾಮ. ಒಂದು, ಎರಡು ಎಂದು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಸಿಪ್ಪೆ ಬಿಡಿಸುವ ಸದ್ದು ಮಾತ್ರ ಕೇಳುತ್ತಿತ್ತು. ಆಗ ಅತ್ತೆ, ಮೊರದಿಂದ ತಲೆ ಎತ್ತದೆ, ಕೈ ನಿಲ್ಲಿಸದೆ, ಎಷ್ಟೋ ವರ್ಷಗಳ ಅಭ್ಯಾಸದಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟರು.

‘ಆಮೇಲೆ?’

ನನ್ನ ಎಣಿಕೆ ತಪ್ಪಿತು. ಅತ್ತೆಗೂ ತಾವು ಅಂದದ್ದು ಆಮೇಲೆ ಗೊತ್ತಾಯಿತೆಂದು ಕಾಣುತ್ತದೆ, ಕೈ ನಿಂತಿತು. ಹುಡುಗಿ ಕ್ಯಾಮರಾ ಹಿಂದಿನಿಂದ ಓದ್ರಿ ಓದ್ರಿ ಎಂಬಂತೆ ಕೈ ಆಡಿಸುತ್ತಿದ್ದಳು. ನಾನು ಓದಿದೆ, ಕ್ಯಾಮರಾ ಕಡೆಗಲ್ಲ, ಕುರ್ಚಿಯ ಕಡೆಗೆ.

‘ದಿನಾ ತಟ್ಟೆ ಎತ್ತುವ ಹೊತ್ತಿಗೆ, ಇನ್ನೆರಡು ತುತ್ತು ಉಣ್ಣು ಎಂದು ಬಡಿಸುತ್ತಿದ್ದ ಕೈ ಅವತ್ತು ಇರಲಿಲ್ಲ. ನಾನೇ ಬಡಿಸಿಕೊಂಡು ಉಂಡೆ.’

ಹುಡುಗಿ ಕ್ಯಾಮರಾ ನಿಲ್ಲಿಸುವುದನ್ನೇ ಮರೆತಳು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

‘ಇದನ್ನ ಬೆಳಿಗ್ಗೆಯೇ ಹೇಳೋಕೆ ಏನಾಗಿತ್ತು ನಿಂಗೆ?’

‘ಮಿಕ್ಸಿ ಹಾಕ್ತಿದ್ರಲ್ಲ ಅತ್ತೆ.’

‘ಮಿಕ್ಸಿ ಅಂದ್ರೆ ನಿನಗೆ ಯಾವತ್ತು ಅಂಜಿಕೆ ಇತ್ತು?’ ಎಂದು ಮತ್ತೆ ಮೊರಕ್ಕೆ ಕೈ ಹಾಕಿದರು.

ಸ್ಕ್ರಿಪ್ಟಿನ ಬಲಗಡೆ, ವಿರಾಮ ಎಂದು ಬರೆದಿದ್ದ ಜಾಗದಲ್ಲಿ, ಹುಡುಗಿ ಅದನ್ನು ಹೊಡೆದು ‘ಅತ್ತೆ: ಆಮೇಲೆ?’ ಎಂದು ಬರೆದಳು. ಇದನ್ನ ನಾನು ಕತ್ತರಿಸಂಗಿಲ್ರಿ, ಎಂದಳು. ಅಷ್ಟರಲ್ಲಿ ನಮ್ಮ ಯಜಮಾನರು ಬ್ಯಾಗು ಎತ್ತಿಕೊಂಡು, ಕಾರಿನ ಕೀ ಹಿಡಿದುಕೊಂಡು, ‘ಹೊರಡೋಣ್ವಾ ಅಮ್ಮ?’ ಎಂದು ಬಾಗಿಲಲ್ಲಿ ನಿಂತರು. ಎಲ್ಲಿ ಏನು ಹಾಕಬಾರದು, ಯಾವಾಗ ಏನು ಎತ್ತಬಾರದು ಎಂಬುದು ಆ ಮನುಷ್ಯನಿಗೆ ಬೆಳಿಗ್ಗೆಯಿಂದಲೂ ತಿಳಿದಿರಲಿಲ್ಲ.

‘ಇಡೋ ಅದನ್ನ ಕೆಳಗೆ’ ಎಂದರು ಅತ್ತೆ. ‘ಆ ಪುಸ್ತಕದ ಸೊಸೆ ಒಬ್ಬಳೇ ಬಡಿಸಿಕೊಂಡು ಉಂಡ್ಳಂತೆ. ಅವಳಿಗೆ ಏನಾಯ್ತು ಅಂತ ಗೊತ್ತಾಗ್ಲಿ, ಆಮೇಲೆ ನೋಡೋಣ.’

ಪುಸ್ತಕದ ಇನ್ನೂ ಮುಕ್ಕಾಲು ಭಾಗ ಬಾಕಿ ಇತ್ತು. ನಾನು ಮುಂದಿನ ಪುಟಕ್ಕೆ ತಿರುಗಿಸಿ, ಎಲ್ಲೂ ವಿರಾಮ ಕೊಡದೆ ಓದಿದೆ.